ಜಿಮ್ ಕ್ಯಾನ್ಸಲ್ ಮಾಡೋ ಮೇಲ್: ತಾರೀಕು ನೀವು ಹಾಕಿ, ಉತ್ತರ ಬರವಣಿಗೇಲಿ ತಗೊಳ್ಳಿ

ಮೇ ತಿಂಗಳ ಕೊನೇಲಿ ಒಂದಿನ ನಮ್ಮ ಏರಿಯಾ ಜಿಮ್‌ಗೆ ಹೋಗಿ ರಿಸೆಪ್ಷನ್‌ನಲ್ಲಿದ್ದ ಹುಡುಗನಿಗೆ "ಮುಂದಿನ ತಿಂಗ್ಳಿಂದ ಬರಲ್ಲಪ್ಪ, ಕ್ಯಾನ್ಸಲ್ ಮಾಡ್ಬಿಡಿ" ಅಂದೆ. ಅವ್ನು ಫೋನಿಂದ ತಲೆ ಎತ್ತಿ "ಆಯ್ತು ಸರ್, ಹೇಳ್ತೀನಿ" ಅಂದ. ಯಾರಿಗೆ ಹೇಳ್ತಾನೆ ಅಂತ ನಾನೂ ಕೇಳ್ಲಿಲ್ಲ. ಜೂನ್ 5ರ ಬೆಳಗ್ಗೆ ಕಾಫಿ ಲೋಟ ಕೈಲಿಟ್ಕೊಂಡು ಕೂತಿದ್ದೆ, ಬ್ಯಾಂಕಿಂದ ಮೆಸೇಜು, 1,550 ರೂಪಾಯಿ ಡೆಬಿಟ್. ಸಂಜೆ ಹೋಗಿ ಕೇಳಿದ್ರೆ ಆ ಹುಡುಗ ಕೆಲಸ ಬಿಟ್ಟಿದ್ದಾನೆ, ಮ್ಯಾನೇಜರು ಕಂಪ್ಯೂಟರ್ ನೋಡಿ "ಸಿಸ್ಟಮಲ್ಲಿ ನಿಮ್ಮ ರಿಕ್ವೆಸ್ಟೇ ಇಲ್ವಲ್ಲ ಸರ್, ಆಮೇಲೆ 30 ದಿನ ನೋಟಿಸ್ ಬೇರೆ ಇದೆ" ಅಂದ್ರು. ನಾನು ಹೇಳಿದ್ದಕ್ಕೆ ಸಾಕ್ಷಿ ಅಂದ್ರೆ ಕೆಲಸ ಬಿಟ್ಟು ಹೋದ ಆ ಹುಡುಗ ಮಾತ್ರ. ಹಂಗಾಗಿ ಆ 1,550 ಹೋಯ್ತು, ಅದರ ಬಗ್ಗೆ ನಾನು ಜಗಳಾನೂ ಆಡ್ಲಿಲ್ಲ.

ಮನೆಗೆ ಬಂದು ಮಾಡಿದ ಕೆಲಸ ಏನಂದ್ರೆ ಸೇರೋವಾಗ ಕಳ್ಸಿದ್ದ ಅಗ್ರಿಮೆಂಟ್ ಪಿಡಿಎಫ್ ಹುಡುಕಿ ಮೊದಲ ಸಲ ಪೂರ್ತಿ ಓದಿದ್ದು. ಹುಡುಕೋಕೇ ನಾಲ್ಕೈದು ದಿನ ಹಿಡೀತು, ಯಾಕಂದ್ರೆ ಅದು ಮೇಲಲ್ಲಿ ಇರ್ಲಿಲ್ಲ, ವಾಟ್ಸಾಪಲ್ಲಿ ಕಳ್ಸಿದ್ರು, ನಾನು ಆ ಚಾಟ್ ಕ್ಲಿಯರ್ ಮಾಡಿದ್ದೆ, ಕೊನೆಗೆ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಸಿಕ್ತು. ಅದ್ರಲ್ಲಿ ನೋಡ್ಬೇಕಾಗಿರೋದು ಮೂರೇ ಮಾತು. ನೋಟಿಸ್ ಎಷ್ಟು ದಿನ, ನೋಟಿಸ್ ಯಾವ ಅಡ್ರೆಸ್‌ಗೆ ಕಳಿಸ್ಬೇಕು, ತಿಂಗಳ ಮಧ್ಯ ಬಿಟ್ರೆ ಉಳಿದ ದಿನದ ದುಡ್ಡು ವಾಪಸ್ ಕೊಡ್ತಾರಾ ಇಲ್ವಾ. ನಂದ್ರಲ್ಲಿ 30 ದಿನ, ಒಂದು ಸಪೋರ್ಟ್ ಇಮೇಲ್ ಐಡಿ, ಮೂರನೇದರ ಬಗ್ಗೆ "ಫೀಸು ಪೂರ್ತಿ ತಿಂಗಳ ಲೆಕ್ಕ" ಅಂತ ಒಂದು ಸಾಲು, ಅಷ್ಟೇ ಇದ್ದಿದ್ದು.

ಇಲ್ಲಿ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಇದು ತಿಂಗ್ಳು ತಿಂಗ್ಳು ಅಕೌಂಟಿಂದ ತಾನಾಗೇ ಕಟ್ಟಾಗೋ ಮೆಂಬರ್‌ಶಿಪ್ ಕತೆ. ಜನವರಿ ಒಂದನೇ ತಾರೀಕಿನ ಹುಮ್ಮಸ್ಸಲ್ಲಿ ವರ್ಷದ ಪ್ಯಾಕೇಜ್ ದುಡ್ಡು ಒಟ್ಟಿಗೇ ಕಟ್ಟಿದ್ರೆ ಈ ಮೇಲಿಂದ ಆ ದುಡ್ಡು ವಾಪಸ್ ಬರತ್ತೆ ಅನ್ಕೋಬೇಡಿ, ಮುಂದಿನ ವರ್ಷ ಆಟೋ ರಿನ್ಯೂ ಆಗ್ದೇ ಇರೋ ಹಂಗೆ ಮಾತ್ರ ನೋಡ್ಕೋಬಹುದು. ಇನ್ನು ಕೆಲವು ಕಡೆ ವರ್ಷದ ಫೀಸನ್ನೇ "ನೋ ಕಾಸ್ಟ್ ಇಎಂಐ" ಅಂತ ಮಾಡ್ಕೊಡ್ತಾರೆ, ಅದು ನೋಡೋಕೆ ತಿಂಗ್ಳ ಫೀಸಿನ ಹಂಗೇ ಇರತ್ತೆ ಆದ್ರೆ ಅಸಲಿಗೆ ಅದು ನಿಮ್ಮ ಹೆಸ್ರಲ್ಲಿ ಒಂದು ಫೈನಾನ್ಸ್ ಕಂಪನಿ ಕೊಟ್ಟಿರೋ ಸಾಲ, ಜಿಮ್‌ನವ್ರಿಗೆ ದುಡ್ಡು ಅವತ್ತೇ ಸೇರಿರತ್ತೆ. ಅದನ್ನ ಜಿಮ್‌ಗೆ ಮೇಲ್ ಹಾಕಿ ನಿಲ್ಲಿಸೋಕಾಗಲ್ಲ, ಬ್ಯಾಂಕಲ್ಲಿ ನಿಲ್ಲಿಸಿದ್ರೆ ಇಎಂಐ ಬೌನ್ಸ್ ಆಗಿ ದಂಡಾನೂ ಬೀಳತ್ತೆ, ಸಿಬಿಲ್ ಸ್ಕೋರೂ ಕೆಡತ್ತೆ. ನಿಮ್ಮದು ಯಾವ ಥರ ಅಂತ ಗೊತ್ತಾಗ್ಬೇಕಂದ್ರೆ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ದುಡ್ಡು ಯಾರ ಹೆಸ್ರಿಗೆ ಹೋಗ್ತಿದೆ ನೋಡಿ, ಜಿಮ್ ಹೆಸ್ರಿದ್ಯೋ ಫೈನಾನ್ಸ್ ಕಂಪನಿ ಹೆಸ್ರಿದ್ಯೋ.

ಈಗ ತಾರೀಕಿನ ವಿಷ್ಯಕ್ಕೆ ಬರೋಣ, ಯಾಕಂದ್ರೆ ಮುಕ್ಕಾಲು ಪಾಲು ಜನ ಎಡವೋದು ಇಲ್ಲೇ. ಜನ ಸಾಮಾನ್ಯವಾಗಿ ಬರೆಯೋದು "ದಯವಿಟ್ಟು ನನ್ನ ಮೆಂಬರ್‌ಶಿಪ್ ಕ್ಯಾನ್ಸಲ್ ಮಾಡಿ" ಅಂತ. ಇದ್ರಲ್ಲಿ ಎರಡು ತೊಂದ್ರೆ ಇದೆ. ಯಾವತ್ತಿಂದ ಅನ್ನೋದು ಇಲ್ಲ, ಅದನ್ನ ಅವ್ರು ತಮಗೆ ಅನುಕೂಲವಾದ ತಾರೀಕಿಂದ ಲೆಕ್ಕ ಹಾಕ್ಕೋತಾರೆ, "ನಿಮ್ಮ ಮೇಲ್ ನಮ್ಮ ಟೀಮ್ ನೋಡಿದ ದಿನದಿಂದ 30 ದಿನ ಸರ್" ಅಂತ ಹೇಳೋದನ್ನ ನಾನೇ ಕೇಳಿದೀನಿ. ಎರಡನೇದು, "ಮಾಡಿ" ಅಂತ ಬೇಡ್ಕೊಂಡ್ರೆ ಅದು ಅರ್ಜಿ ಆಗತ್ತೆ, ಅರ್ಜಿ ಅಂದ್ಮೇಲೆ ಅವ್ರು ಮಂಜೂರು ಮಾಡ್ಬೇಕು. ಅಗ್ರಿಮೆಂಟಲ್ಲಿ 30 ದಿನ ನೋಟಿಸ್ ಕೊಟ್ಟು ಬಿಡ್ಬಹುದು ಅಂತ ಬರೆದಿದ್ರೆ ಬಿಡೋದು ನಿಮ್ಮ ಹಕ್ಕು, ನೀವು ತಿಳಿಸ್ಬೇಕು ಅಷ್ಟೇ. ಹಂಗಾಗಿ "ಕ್ಯಾನ್ಸಲ್ ಮಾಡಿ" ಅನ್ನೋ ಜಾಗದಲ್ಲಿ "ನಾನು ಇಂಥ ತಾರೀಕಿಗೆ ಮುಗಿಸ್ತಾ ಇದೀನಿ, ಇದು ಅದಕ್ಕೆ ನೋಟಿಸ್" ಅಂತ ಬರೀಬೇಕು.

ತಾರೀಕು ಹೆಂಗೆ ಲೆಕ್ಕ ಹಾಕೋದು ಅಂದ್ರೆ, ಮೇಲ್ ಕಳ್ಸಿದ ದಿನ ಬಿಟ್ಟು ಮಾರನೇ ದಿನದಿಂದ ಒಂದು ಅಂತ ಎಣಿಸಿ. ನಾನು ಮೇಲ್ ಕಳ್ಸಿದ್ದು ಜೂನ್ 10ರ ರಾತ್ರಿ. ಜೂನ್ 11 ಮೊದಲ ದಿನ, ಜೂನ್ 30ಕ್ಕೆ 20 ದಿನ ಆಯ್ತು, ಇನ್ನು ಹತ್ತು ಸೇರಿಸಿದ್ರೆ ಜುಲೈ 10. ಅಂದ್ರೆ ನೋಟಿಸ್ ಮುಗಿಯೋದು ಜುಲೈ 10ಕ್ಕೆ. ಆದ್ರೆ ನನ್ನ ಬಿಲ್ಲಿಂಗ್ ತಾರೀಕು ಪ್ರತಿ ತಿಂಗ್ಳು 5, ಅಂದ್ರೆ ಜುಲೈ 5ರ ಡೆಬಿಟ್ ನೋಟಿಸ್ ಅವಧಿ ಒಳಗೇ ಬೀಳತ್ತೆ, ಅದನ್ನ ತಪ್ಪಿಸೋಕಾಗಲ್ಲ. ಜೂನ್ 4ಕ್ಕೇ ಕಳ್ಸಿದ್ರೆ ಜುಲೈ 4ಕ್ಕೆ ಮುಗೀತಿತ್ತು, ಒಂದು ಪೂರ್ತಿ ತಿಂಗ್ಳ ಫೀಸು ಉಳೀತಿತ್ತು. ಆರು ದಿನ ತಡ ಮಾಡಿದ್ದಕ್ಕೆ 1,550 ರೂಪಾಯಿ. ಹಂಗಾಗಿ ಮೇಲ್ ಬರೆಯೋಕೆ ಕೂರೋ ಮುಂಚೆ ಕ್ಯಾಲೆಂಡರಲ್ಲಿ ನಿಮ್ಮ ಬಿಲ್ಲಿಂಗ್ ತಾರೀಕಿಗೆ ಒಂದು ಗುಂಡು ಸುತ್ತಿ, ಅಲ್ಲಿಂದ ನೋಟಿಸ್ ದಿನ ಹಿಂದಕ್ಕೆ ಎಣಿಸಿ, ಇನ್ನೊಂದೆರಡು ದಿನ ಜಾಸ್ತೀನೇ ಬಿಡಿ.

ಇನ್ನೊಂದು ಲೆಕ್ಕ ಇದೆ. ಜುಲೈ 5ಕ್ಕೆ ಕಟ್ಟಿದ ದುಡ್ಡು ಆಗಸ್ಟ್ 4ರವರೆಗೆ ಅಂದ್ರೆ 31 ದಿನಕ್ಕೆ, ದಿನಕ್ಕೆ 50 ರೂಪಾಯಿ ಬಿತ್ತು. ನಾನು ಜುಲೈ 10ಕ್ಕೇ ಮುಗಿಸಿದ್ರೆ ಬಳಸಿದ್ದು ಆರು ದಿನ, 300 ರೂಪಾಯಿದು. ಉಳಿದ 1,250 ವಾಪಸ್ ಕೊಡಿ ಅಂತ ಕೇಳ್ಬಹುದು, ಆದ್ರೆ ಅಗ್ರಿಮೆಂಟಲ್ಲಿ ಫೀಸು ಪೂರ್ತಿ ತಿಂಗಳ ಲೆಕ್ಕ ಅಂತ ಇದೆಯಲ್ಲ, ಕೊಡ್ತಾರೆ ಅನ್ನೋ ನಂಬಿಕೆ ಇರ್ಲಿಲ್ಲ. ವಾಪಸ್ ಕೊಡ್ಲಿಲ್ಲ ಅಂದ್ರೆ ದುಡ್ಡು ಕಟ್ಟಿರೋವಷ್ಟು ದಿನ ಆದ್ರೂ ಒಳಗೆ ಬಿಡ್ಬೇಕು, ಆಗಸ್ಟ್ 4ರವರೆಗೆ. ಈ ಎರಡರಲ್ಲಿ ಯಾವ್ದಾದ್ರೂ ಒಂದು ಅಂತ ಮೇಲಲ್ಲೇ ಬರ್ದೆ, ಆಮೇಲೆ ಚೌಕಾಸಿ ಮಾಡೋ ತಲೆನೋವು ಬೇಡ ಅಂತ.

ಕಳ್ಸಿದ ಮೇಲ್ ಇದು. ನಾನು ಇಂಗ್ಲಿಷಲ್ಲಿ ಕಳ್ಸಿದ್ದೆ ಯಾಕಂದ್ರೆ ಅವ್ರ ಸಪೋರ್ಟ್ ಟೀಮ್ ಬೇರೆ ಊರಲ್ಲಿದೆ, ಇಲ್ಲಿ ಕನ್ನಡದಲ್ಲಿ ಕೊಡ್ತಾ ಇದೀನಿ, ನಿಮ್ಮ ಜಿಮ್ ನಡೆಸೋರು ಕನ್ನಡ ಓದೋರಾದ್ರೆ ಇದನ್ನೇ ಕಳ್ಸಿ, ಏನೂ ತೊಂದ್ರೆ ಇಲ್ಲ:

"ವಿಷಯ: ಮೆಂಬರ್‌ಶಿಪ್ ಮುಕ್ತಾಯದ ನೋಟಿಸ್ – ಮೆಂಬರ್ ನಂಬರ್ (ಇಲ್ಲಿ ನಂಬರ್) – ಕೊನೇ ದಿನ ಜುಲೈ 10

ನಮಸ್ತೆ, ನನ್ನ ಹೆಸರು (ಹೆಸರು), ರಿಜಿಸ್ಟರ್ ಆಗಿರೋ ಮೊಬೈಲ್ (ನಂಬರ್), ಬ್ರಾಂಚ್ (ಜಾಗ). ನನ್ನ ಮಾಸಿಕ ಮೆಂಬರ್‌ಶಿಪ್ಪನ್ನು ಮುಗಿಸ್ತಾ ಇದ್ದೇನೆ. ಅಗ್ರಿಮೆಂಟ್ ಪ್ರಕಾರ ಇದು 30 ದಿನದ ನೋಟಿಸ್, ಇಂದು ಜೂನ್ 10, ಕೊನೇ ದಿನ ಜುಲೈ 10. ಈ ತಾರೀಕು ನಿಮ್ಮ ಷರತ್ತಿಗೆ ಹೊಂದೋದಿಲ್ಲ ಅಂತಾದರೆ ಅದರ ನಂತರ ಬರುವ ಅತಿ ಹತ್ತಿರದ ತಾರೀಕಿಗೆ ಮೆಂಬರ್‌ಶಿಪ್ ಮುಗಿಯತ್ತೆ. ಆ ತಾರೀಕು ಯಾವುದು, ಯಾವ ಷರತ್ತಿನ ಪ್ರಕಾರ ಅಂತ ತಿಳಿಸಿ.

ಜುಲೈ 5ರ 1,550 ರೂಪಾಯಿ ಕೊನೇ ಡೆಬಿಟ್. ಅದರ ನಂತರ ಯಾವ ಮೊತ್ತವನ್ನೂ ಕಡಿತ ಮಾಡೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಜುಲೈ 10ರ ನಂತರದ ದಿನಗಳ ಹಣ ವಾಪಸ್ ಕೊಡಿ, ಇಲ್ಲವಾದರೆ ಆಗಸ್ಟ್ 4ರವರೆಗೆ ಪ್ರವೇಶ ಕೊಡಿ.

ಮೇಲ್ ತಲುಪಿದ್ದು, ಮೆಂಬರ್‌ಶಿಪ್ ಮುಗಿಯುವ ತಾರೀಕು, ಕೊನೇ ಡೆಬಿಟ್ ತಾರೀಕು, ನನ್ನಿಂದ ಬಾಕಿ ಏನೂ ಇಲ್ಲ ಅನ್ನೋದು, ಇಷ್ಟನ್ನು ಜೂನ್ 17ರ ಒಳಗೆ ಈ ಮೇಲ್‌ಗೇ ಉತ್ತರವಾಗಿ ಬರೆದು ಖಚಿತಪಡಿಸಿ."

ಅಷ್ಟೇ. ಯಾಕೆ ಬಿಡ್ತಾ ಇದೀನಿ ಅನ್ನೋದು ಬರೀಲಿಲ್ಲ ನೋಡಿ. ಕಾರಣ ಬರೆದ್ರೆ ಅವ್ರ ಸೇಲ್ಸ್‌ನವ್ರಿಗೆ ಮಾತಾಡೋಕೆ ಒಂದು ಹಿಡಿ ಸಿಕ್ಕಂಗೆ, ಮಂಡಿ ನೋವು ಅಂದ್ರೆ "ಎರಡು ತಿಂಗ್ಳು ಫ್ರೀಜ್ ಮಾಡ್ತೀವಿ ಸರ್" ಅಂತಾರೆ, ಮನೆ ಬದಲಾಯಿಸ್ತಿದೀನಿ ಅಂದ್ರೆ "ಅಲ್ಲೂ ನಮ್ಮ ಬ್ರಾಂಚ್ ಇದೆ" ಅಂತಾರೆ, ನಿಮ್ಮ ನೋಟಿಸ್ ಮೂಲೆ ಸೇರತ್ತೆ. ಆದ್ರೆ ಮನೆ ಬದಲಾವಣೆ ಅಥವಾ ಡಾಕ್ಟರ್ ಚೀಟಿ ಇದ್ರೆ ಬೇಗ ಬಿಡ್ತೀವಿ ಅಂತ ಅಗ್ರಿಮೆಂಟಲ್ಲೇ ಇದ್ರೆ ಆಗ ಮಾತ್ರ ಕಾರಣ ಬರೆದು ಪೇಪರ್ ಲಗತ್ತಿಸಿ.

"ಹೊಂದೋದಿಲ್ಲ ಅಂತಾದರೆ ಅತಿ ಹತ್ತಿರದ ತಾರೀಕಿಗೆ" ಅನ್ನೋ ಸಾಲು ನಾನು ಕಲ್ತಿದ್ದು ಜರ್ಮನೀಲಿರೋ ನನ್ನ ಕಸಿನ್ ಹತ್ರ. ಅಲ್ಲಿ ಜಿಮ್ಮು, ಫೋನು, ಇಂಟರ್ನೆಟ್ಟು ಯಾವ್ದನ್ನ ಬಿಡ್ಬೇಕಾದ್ರೂ ಈ ಸಾಲು ಹಾಕೋದು ರೂಢಿಯಂತೆ, ನೀವು ಲೆಕ್ಕ ಹಾಕಿದ ದಿನ ಒಂದೆರಡು ದಿನ ತಪ್ಪಿದ್ರೂ ನೋಟಿಸ್ ಬಿದ್ದೋಗಲ್ಲ, ತಾರೀಕು ಮುಂದಕ್ಕೆ ಹೋಗತ್ತೆ ಅಷ್ಟೇ. ಅಲ್ಲಿ 2022ರ ಜುಲೈ 1ರಿಂದ ಆನ್‌ಲೈನಲ್ಲಿ ಸೈನ್ ಅಪ್ ಮಾಡಿಸ್ಕೊಳ್ಳೋ ಕಂಪನಿಗಳು ವೆಬ್‌ಸೈಟಲ್ಲಿ ಕ್ಯಾನ್ಸಲ್ ಬಟನ್ ಇಡ್ಲೇಬೇಕು, ಒತ್ತಿದ ತಕ್ಷಣ ನೋಟಿಸ್ ತಲುಪಿದ ದಿನ, ಗಂಟೆ, ಕಾಂಟ್ರಾಕ್ಟ್ ಮುಗಿಯೋ ತಾರೀಕು ಎಲ್ಲ ಬರವಣಿಗೇಲಿ ಕಳಿಸ್ಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ಅಷ್ಟು ಸಲೀಸಿಲ್ಲ, ಹಂಗಾಗಿ ಅಲ್ಲಿ ಕಾನೂನು ಬರೆಸೋದನ್ನ ಇಲ್ಲಿ ನಾವೇ ಕೇಳಿ ಬರೆಸ್ಕೋಬೇಕು.

ಈ ಕನ್ಫರ್ಮೇಷನ್ ಕೇಳೋದ್ರಲ್ಲಿ ಒಂದು ಅಪಾಯ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಇಂಟರ್ನೆಟ್ಟಲ್ಲಿ ಸಿಗೋ ಕೆಲವು ಮಾದರಿ ಪತ್ರಗಳಲ್ಲಿ "ನಿಮ್ಮ ಖಚಿತಪಡಿಸುವ ಉತ್ತರ ಬಂದ ಮೇಲೆ ಈ ಮುಕ್ತಾಯ ಜಾರಿಗೆ ಬರುತ್ತದೆ" ಅನ್ನೋ ಥರ ವಿನಯದ ಸಾಲು ಇರತ್ತೆ. ಅದನ್ನ ಬರೀಲೇಬೇಡಿ. ನಮ್ಮ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 12 ಏನು ಹೇಳತ್ತೆ ಅಂದ್ರೆ, ಸ್ವೀಕೃತಿ ಬಂದ್ರೆ ಮಾತ್ರ ಇದು ಬಂಧನಕಾರಿ ಅಂತ ಕಳಿಸಿದವ್ನೇ ಷರತ್ತು ಹಾಕಿದ್ರೆ, ಸ್ವೀಕೃತಿ ಬರೋವರೆಗೂ ಆ ಮೇಲ್ ಕಳಿಸೇ ಇಲ್ಲ ಅಂತ ಲೆಕ್ಕ. ಅಂದ್ರೆ ಎದುರಿನವ್ರು ಸುಮ್ಮನೆ ಕೂತ್ರೆ ಸಾಕು, ನಿಮ್ಮ ನೋಟಿಸ್ ಹುಟ್ಟಲೇ ಇಲ್ಲ. ಹಂಗಾಗಿ ಮುಕ್ತಾಯ ಒಂದು ವಾಕ್ಯ, ಕನ್ಫರ್ಮೇಷನ್ ಕೇಳೋದು ಬೇರೆ ವಾಕ್ಯ, ಎರಡನ್ನ "ಆದರೆ" "ಬಂದ ಮೇಲೆ" ಅಂತ ಗಂಟು ಹಾಕ್ಬಾರ್ದು. ಕನ್ಫರ್ಮೇಷನ್ ಬೇಕಾಗಿರೋದು ಸಾಕ್ಷಿಗೆ, ನೋಟಿಸ್‌ಗೆ ಜೀವ ಕೊಡೋಕಲ್ಲ.

ಅದೇ ಕಾಯ್ದೆಯ ಮುಂದಿನ ಸೆಕ್ಷನ್ 13 ಕಳಿಸೋ ಅಡ್ರೆಸ್ ಬಗ್ಗೆ ಇದೆ. ಮೇಲ್ ತಗೊಳ್ಳೋಕೆ ಅಂತ ಅವ್ರು ಒಂದು ಐಡಿ ಗೊತ್ತು ಮಾಡಿದ್ರೆ, ಅದಕ್ಕೆ ನಿಮ್ಮ ಮೇಲ್ ಹೋಗಿ ಬಿದ್ದ ಗಳಿಗೇನೇ ತಲುಪಿದ ಗಳಿಗೆ, ಅವ್ರು ತೆರೆದು ನೋಡಿದ್ರೋ ಬಿಟ್ರೋ ಸಂಬಂಧ ಇಲ್ಲ. ಅದು ಬಿಟ್ಟು ಅವ್ರ ಇನ್ಯಾವ್ದೋ ಐಡಿಗೆ, ಆಫರ್ ಮೇಲ್ ಬರೋ ಐಡಿಗೆ, ಯಾರೋ ಟ್ರೈನರ್ ಕೊಟ್ಟ ಐಡಿಗೆ ಕಳ್ಸಿದ್ರೆ ಅವ್ರು ಅದನ್ನ ತೆಗೆದು ನೋಡಿದಾಗ್ಲೇ ತಲುಪಿದ ಲೆಕ್ಕ. ನಮ್ಮ ಟೀಮ್ ನೋಡಿದ ದಿನದಿಂದ ಅನ್ನೋ ಮಾತಿಗೆ ಉತ್ತರ ಇಲ್ಲಿದೆ. ಅದಕ್ಕೇ ಅಗ್ರಿಮೆಂಟಲ್ಲಿ ಇರೋ ಐಡಿನೇ ಹುಡುಕಿ ಕಳಿಸ್ಬೇಕು, ಅಗ್ರಿಮೆಂಟ್ ಸಿಗ್ಲಿಲ್ಲ ಅಂದ್ರೆ ಇನ್‌ವಾಯ್ಸ್ ಮೇಲೆ ಇರೋದಕ್ಕೆ, ಜೊತೆಗೆ ಬ್ರಾಂಚ್ ಐಡಿ ಗೊತ್ತಿದ್ರೆ ಅದನ್ನೂ ಸಿಸಿಲಿ ಹಾಕಿ. ನಿಮ್ಮ ಕಡೆಯಿಂದ ರಿಜಿಸ್ಟರ್ ಆಗಿರೋ ಮೇಲ್ ಐಡಿಯಿಂದಾನೇ ಕಳ್ಸಿ. ಆಫೀಸ್ ಐಡಿ ಬೇಡ, ಕೆಲಸ ಬಿಟ್ಟ ದಿನ ಆ ಮೇಲ್‌ಬಾಕ್ಸೂ ಹೋಗತ್ತೆ, ಅದ್ರಲ್ಲಿದ್ದ ಸಾಕ್ಷಿನೂ ಹೋಗತ್ತೆ. ಕಳ್ಸಿ ಐದು ನಿಮಿಷ ಬಿಟ್ಟು ಇನ್‌ಬಾಕ್ಸ್ ಒಂದ್ಸಲ ನೋಡಿ, ಅಡ್ರೆಸ್ ಸಿಗ್ಲಿಲ್ಲ ಅಂತ ವಾಪಸ್ ಬಂದಿದ್ಯಾ ಅಂತ. ವಾಪಸ್ ಬಂದಿದ್ರೆ ಅದು ತಲುಪಿಲ್ಲ, ಅವತ್ತೇ ಬೇರೆ ದಾರಿ ಹುಡುಕಿ.

ವಾಟ್ಸಾಪಲ್ಲಿ ಹೇಳಿದ್ರೆ ಸಾಲ್ದಾ ಅಂತ ನನ್ನ ಭಾವ ಕೇಳಿದ್ರು. ಏನೂ ಇಲ್ದೇ ಇರೋದಕ್ಕಿಂತ ವಾಸಿ, ಆದ್ರೆ ಅಲ್ಲಿ ಮಾತಾಡ್ತಿರೋದು ಯಾವ್ದೋ ಒಂದು ನಂಬರು, ಆ ಸಿಮ್ ಯಾರ ಕೈಲಿದೆ ಅಂತ ಹೇಳೋಕಾಗಲ್ಲ, ಮೆಸೇಜ್ ಡಿಲೀಟ್ ಮಾಡ್ಬಹುದು, ಚಾಟ್ ಕ್ಲಿಯರ್ ಮಾಡೋ ನನ್ನಂಥ ಜಾಣರೂ ಇರ್ತಾರೆ. ಮೇಲ್ ಹಾಕಿ "ಮೇಲ್ ಕಳ್ಸಿದೀನಿ ನೋಡಿ" ಅಂತ ವಾಟ್ಸಾಪಲ್ಲಿ ಒಂದು ಸಾಲು ಹಾಕೋದು ಸರಿಯಾದ ಬಳಕೆ.

ಜೂನ್ 17 ಕಳೀತು, ಉತ್ತರ ಇಲ್ಲ. 18ಕ್ಕೆ ಅದೇ ಮೇಲ್‌ಗೆ ರಿಪ್ಲೈ ಹೊಡೆದು, ಹೊಸ ಮೇಲ್ ಅಲ್ಲ ಅದೇ ಥ್ರೆಡ್‌ನಲ್ಲಿ, ಎರಡು ಸಾಲು ಬರ್ದೆ. "ಕೆಳಗಿನ ಜೂನ್ 10ರ ನೋಟಿಸ್‌ಗೆ ಉತ್ತರ ಬಂದಿಲ್ಲ. ನೋಟಿಸ್ ಜೂನ್ 10ರಿಂದಲೇ ಜಾರಿಯಲ್ಲಿದೆ, ದಯವಿಟ್ಟು ಖಚಿತಪಡಿಸಿ." ಹೊಸ ಮೇಲ್ ಬರೆದ್ರೆ ಅವ್ರು ನೋಟಿಸ್ ದಿನಾನ 18 ಅಂತ ಹಿಡಿಯೋ ಸಾಧ್ಯತೆ ಇರತ್ತೆ. 19ಕ್ಕೆ ಉತ್ತರ ಬಂತು, ಬಾಯಿ ತುಂಬಾ ಥ್ಯಾಂಕ್ಸ್ ಹೇಳಿ, "ನಿಮ್ಮ ವಿನಂತಿಯನ್ನು ಗಮನಿಸಲಾಗಿದೆ, ಬ್ರಾಂಚ್‌ಗೆ ಭೇಟಿ ಕೊಟ್ಟು ಕ್ಯಾನ್ಸಲೇಷನ್ ಫಾರ್ಮ್ ತುಂಬಿ" ಅಂತ.

ಇದು ಕನ್ಫರ್ಮೇಷನ್ ಅಲ್ಲ, ಆದ್ರೆ ನೋಡೋಕೆ ಹಂಗೇ ಕಾಣತ್ತೆ, ಬಹಳ ಜನ ಇಲ್ಲಿಗೆ ಸಮಾಧಾನ ಆಗಿ ಬಿಡ್ತಾರೆ. ಗಮನಿಸಲಾಗಿದೆ ಅಂದ್ರೆ ಏನೂ ಹೇಳ್ದಂಗೆ. ಟಿಕೆಟ್ ನಂಬರ್ ಬರೋ ಆಟೋ ರಿಪ್ಲೈನೂ ಹಂಗೇ, ಮೇಲ್ ತಲುಪಿದೆ ಅನ್ನೋದಕ್ಕೆ ಒಳ್ಳೆ ಸಾಕ್ಷಿ, ಎತ್ತಿಡಿ, ಆದ್ರೆ ಒಪ್ಪಿದ್ದಾರೆ ಅನ್ನೋದಕ್ಕಲ್ಲ. ಕನ್ಫರ್ಮೇಷನ್ ಅಂದ್ರೆ ಅದ್ರಲ್ಲಿ ಒಂದು ತಾರೀಕು ಇರ್ಬೇಕು, ಮುಂದೆ ದುಡ್ಡು ಕಟ್ಟಾಗಲ್ಲ ಅನ್ನೋ ಮಾತು ಇರ್ಬೇಕು. ನಾನು ಅಗ್ರಿಮೆಂಟ್ ಮತ್ತೆ ತೆಗೆದು ನೋಡಿದೆ, ನೋಟಿಸ್ ಇಮೇಲಲ್ಲಿ ಕೊಡ್ಬಹುದು ಅಂತಾನೇ ಇದೆ, ಫಾರ್ಮಿನ ಸುದ್ದಿ ಎಲ್ಲೂ ಇಲ್ಲ. ಅದನ್ನೇ ಬರ್ದೆ: "ಅಗ್ರಿಮೆಂಟ್‌ನಲ್ಲಿ ಇಮೇಲ್ ನೋಟಿಸ್ ಸಾಕು ಅಂತ ಇದೆ, ಫಾರ್ಮ್ ಬೇಕು ಅಂತ ಯಾವ ಷರತ್ತಿನಲ್ಲಿದೆ ತಿಳಿಸಿ. ನಿಮ್ಮ ಒಳಗಿನ ದಾಖಲೆಗೆ ಫಾರ್ಮ್ ಬೇಕಾದರೆ ಇಲ್ಲಿಗೇ ಕಳಿಸಿ, ತುಂಬಿ ಕೊಡ್ತೇನೆ, ನೋಟಿಸ್ ತಾರೀಕು ಜೂನ್ 10 ಅನ್ನೋದು ಬದಲಾಗೋದಿಲ್ಲ." ಫಾರ್ಮ್ ತುಂಬೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ಫಾರ್ಮಲ್ಲಿ ಅವತ್ತಿನ ತಾರೀಕು ಹಾಕಿ ಸೈನ್ ಮಾಡಿದ್ರೆ 30 ದಿನ ಅಲ್ಲಿಂದ ಹೊಸದಾಗಿ ಶುರು ಅಂತಾರೆ, ಅದು ಹುಷಾರು.

ಎರಡು ದಿನಕ್ಕೆ ಬೇರೆ ಯಾರೋ ಉತ್ತರ ಕೊಟ್ರು, ಎರಡೇ ಸಾಲು. ಆಗಸ್ಟ್ 4ರವರೆಗೆ ಮೆಂಬರ್‌ಶಿಪ್ ಚಾಲ್ತಿ, ಜುಲೈ 5ರ ನಂತರ ಡೆಬಿಟ್ ಇರೋದಿಲ್ಲ, ಬಾಕಿ ಇಲ್ಲ. 1,250 ವಾಪಸ್ ಬರ್ಲಿಲ್ಲ, ಆದ್ರೆ ಅದರ ಬದಲಿಗೆ ಕೇಳಿದ ಎರಡನೇ ದಾರಿ ಸಿಕ್ತು. ಆ ಮೇಲನ್ನ ಪಿಡಿಎಫ್ ಮಾಡಿಟ್ಟೆ, ಅಸಲು ಮೇಲನ್ನ ಒಂದು ಲೇಬಲ್ ಹಾಕಿ ಹಂಗೇ ಬಿಟ್ಟೆ. ಸ್ಕ್ರೀನ್‌ಶಾಟ್ ಮಾಡ್ಕೊಂಡು ಮೇಲ್ ಡಿಲೀಟ್ ಮಾಡೋ ಅಭ್ಯಾಸ ಇದ್ರೆ ಬಿಡಿ, ಮುಂದೆ ಎಲ್ಲಾದ್ರೂ ದೂರು ಅಂತ ಹೋದ್ರೆ ಬೇಕಾಗೋದು ಅಸಲು ಮೇಲು.

ಇಷ್ಟಾದ್ರೂ ಅರ್ಧ ಕೆಲಸ ಬಾಕಿ ಇತ್ತು. ಜಿಮ್ ಜೊತೆ ಇರೋ ಒಪ್ಪಂದ ಬೇರೆ, ತಿಂಗ್ಳು ತಿಂಗ್ಳು ದುಡ್ಡು ತಾನಾಗೇ ಕಟ್ಟಾಗ್ಲಿ ಅಂತ ನಿಮ್ಮ ಬ್ಯಾಂಕಿಗೆ ನೀವು ಕೊಟ್ಟಿರೋ ಒಪ್ಪಿಗೆ, ಅಂದ್ರೆ ಮ್ಯಾಂಡೇಟ್, ಬೇರೆ. ಒಪ್ಪಂದ ಮುಗಿದ್ರೂ ಮ್ಯಾಂಡೇಟ್ ಜೀವಂತ ಇದ್ರೆ ಅವ್ರ ಸಾಫ್ಟ್‌ವೇರ್ ದುಡ್ಡು ಎಳೆಯೋಕೆ ನೋಡತ್ತೆ, ಆಗ ವಾಪಸ್ ಕೇಳ್ಕೊಂಡು ಓಡಾಡೋದು ನೀವು. ಉಲ್ಟಾನೂ ಅಷ್ಟೇ, ಮೇಲ್ ಹಾಕ್ದೇ ಬರೀ ಮ್ಯಾಂಡೇಟ್ ನಿಲ್ಲಿಸಿದ್ರೆ ದುಡ್ಡು ಹೋಗಲ್ಲ ನಿಜ, ಆದ್ರೆ ಅವ್ರ ಲೆಕ್ಕದಲ್ಲಿ ನೀವಿನ್ನೂ ಮೆಂಬರೇ, ಬಾಕಿ ಏರ್ತಾ ಹೋಗತ್ತೆ, ಮೂರು ತಿಂಗ್ಳಾದ್ಮೇಲೆ ವಸೂಲಿಯವ್ರ ಫೋನು ಶುರು. ನಮ್ಮೋರು ಮಾಡೋ ದೊಡ್ಡ ತಪ್ಪೇ ಇದು, "ಆಟೋಪೇ ಆಫ್ ಮಾಡ್ದೆ, ಮುಗೀತು" ಅನ್ಕೊಳ್ಳೋದು.

ಯಾವಾಗ ನಿಲ್ಲಿಸ್ಬೇಕು ಅಂದ್ರೆ ನ್ಯಾಯವಾಗಿ ಕೊಡ್ಬೇಕಾದ ಕೊನೇ ಡೆಬಿಟ್ ಆದ ಮಾರನೇ ದಿನ. ನಾನು ಜುಲೈ 6ಕ್ಕೆ ಮಾಡ್ದೆ. ಯುಪಿಐ ಆದ್ರೆ ಮ್ಯಾಂಡೇಟ್ ಮಾಡಿದ ಆಪ್‌ಗೇ ಹೋಗಿ ಆಟೋಪೇ ಅನ್ನೋ ಜಾಗದಲ್ಲಿ ಜಿಮ್ ಹೆಸ್ರು ಒತ್ತಿದ್ರೆ ಕ್ಯಾನ್ಸಲ್ ಮಾಡೋ ದಾರಿ ಇರತ್ತೆ, ಪಿನ್ ಕೇಳತ್ತೆ, ಆಮೇಲೆ ರದ್ದಾಗಿದೆ ಅಂತ ತೋರಿಸತ್ತೆ. ಅಲ್ಲೇ ಪಕ್ಕದಲ್ಲಿ ಪಾಜ್ ಅಂತ ಇನ್ನೊಂದು ಇರ್ಬಹುದು, ಅದು ಸ್ವಲ್ಪ ದಿನ ತಡೆಯೋದು, ಅದನ್ನ ಒತ್ಬೇಡಿ. ಕಾರ್ಡ್ ಆದ್ರೆ ಬ್ಯಾಂಕಿನ ಆಪ್ ಅಥವಾ ನೆಟ್‌ಬ್ಯಾಂಕಿಂಗಲ್ಲಿ ಇ-ಮ್ಯಾಂಡೇಟ್ ಪಟ್ಟಿ ಹುಡುಕಿ.

ಮ್ಯಾಂಡೇಟ್ ಜೀವಂತ ಇದೆಯಾ ಅಂತ ಗೊತ್ತಾಗೋಕೆ ಒಂದು ಗುರುತಿದೆ. ಕಾರ್ಡು, ಯುಪಿಐ ಇ-ಮ್ಯಾಂಡೇಟ್‌ಗಳಲ್ಲಿ ದುಡ್ಡು ಎಳೆಯೋಕೆ ಕನಿಷ್ಠ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸ್ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಯಾರಿಗೆ, ಎಷ್ಟು, ಯಾವತ್ತು ಅನ್ನೋದೆಲ್ಲ ಅದ್ರಲ್ಲಿ ಇರತ್ತೆ. ನಾವು ಅದನ್ನ ಸಾಲದ ಆಫರ್ ಮೆಸೇಜ್‌ಗಳ ಜೊತೆ ಓದ್ದೇ ಎಸೀತೀವಿ. 15,000 ರೂಪಾಯಿವರೆಗಿನ ಇಂಥ ಡೆಬಿಟ್‌ಗೆ ಪ್ರತಿ ಸಲ ಓಟಿಪಿನೋ ಪಿನ್ನೋ ಕೇಳಲ್ಲ, ಅಂದ್ರೆ ಜಿಮ್, ಸ್ಟ್ರೀಮಿಂಗ್ ಫೀಸಿಗೆ ಆ ಮೆಸೇಜೇ ನಿಮಗಿರೋ ಒಂದೇ ಎಚ್ಚರಿಕೆ ಗಂಟೆ. ಕೊನೇ ಡೆಬಿಟ್ ಆದ್ಮೇಲೂ ಮುಂದಿನ ಬಿಲ್ಲಿಂಗ್ ತಾರೀಕಿನ ಹಿಂದಿನ ದಿನಗಳಲ್ಲಿ ಅಂಥ ಮೆಸೇಜ್ ಬಂತು ಅಂದ್ರೆ ಮ್ಯಾಂಡೇಟ್ ಇನ್ನೂ ಇದೆ ಅಂತ, ಆ 24 ಗಂಟೆ ಒಳಗೇ ಆಪ್‌ಗೆ ಹೋಗಿ ತೆಗೀರಿ.

ಕನ್ಫರ್ಮ್ ಮಾಡಿ ಆಮೇಲೂ ದುಡ್ಡು ಎಳೆದ್ರೆ, ಅಥವಾ ಎರಡು ಸಲ ಬರೆದ್ರೂ ಉತ್ತರಾನೇ ಇಲ್ಲ ಅಂದ್ರೆ, 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ದೂರು ಬರ್ಕೊಂಡು ಕಂಪನಿಗೆ ಕಳಿಸ್ತಾರೆ. ಅವ್ರಿಗೆ ಆದೇಶ ಮಾಡೋ ಅಧಿಕಾರ ಇಲ್ಲ, ಆದ್ರೆ ಮೇಲ್ ಥ್ರೆಡ್ ಪೂರ್ತಿ ಲಗತ್ತಿಸಿ ದೂರು ಹಾಕಿದ್ರೆ ಕಂಪನಿಯವ್ರಿಗೂ ವಾದ ಮಾಡೋಕೆ ಜಾಗ ಕಮ್ಮಿ ಇರತ್ತೆ. ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗಿನ ಕೇಸಿಗೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಹಾಕ್ಬೇಕು. 1,550 ರೂಪಾಯಿಗೆ ಆಯೋಗಕ್ಕೆ ಓಡಾಡ್ತೀರಾ ಅನ್ನೋದು ನಿಮಗೆ ಬಿಟ್ಟಿದ್ದು, ನಾನಂತೂ 1915ರ ಹತ್ರ ನಿಲ್ಲಿಸ್ತಿದ್ದೆ.

ಸ್ಟ್ರೀಮಿಂಗ್ ವಿಷ್ಯ ಸ್ವಲ್ಪ ಬೇರೆ. ಅಲ್ಲಿ ನೋಟಿಸ್ ದಿನ ಅಂತ ಸಾಮಾನ್ಯವಾಗಿ ಇರಲ್ಲ, ಅಕೌಂಟ್ ಒಳಗೆ ಕ್ಯಾನ್ಸಲ್ ಒತ್ತಿದ್ರೆ ಕಟ್ಟಿರೋ ಅವಧಿ ಮುಗಿಯೋವರೆಗೆ ನೋಡ್ಬಹುದು, ಆಮೇಲೆ ನಿಲ್ಲತ್ತೆ. ಹಂಗಾಗಿ ಅಲ್ಲಿ ಮೊದ್ಲು ಬಟನ್, ಮೇಲ್ ಆಮೇಲೆ. ಬಟನ್ ಸಿಗ್ದೇ ಇದ್ದಾಗ, ಅಥವಾ ಒತ್ತಿದ್ರೂ ಕನ್ಫರ್ಮೇಷನ್ ಮೇಲ್ ಬರ್ದೇ ಇದ್ದಾಗ ಅದೇ ಮಾದರಿಯಲ್ಲಿ ಬರೀರಿ, ಕೊನೇ ದಿನ ಅಂತ ಈಗಿನ ಬಿಲ್ಲಿಂಗ್ ಅವಧಿಯ ಕೊನೇ ದಿನ ಹಾಕಿ. ಕ್ಯಾನ್ಸಲ್ ಬಟನ್ನನ್ನ ಬೇಕಂತಾನೇ ಬಚ್ಚಿಡೋದು, ಸುತ್ತಿ ಬಳಸಿ ಹತ್ತು ಪೇಜ್ ದಾಟಿಸೋದು, ಇದಕ್ಕೆ "ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್" ಅಂತ ಹೆಸ್ರಿಟ್ಟು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧ ಮಾಡಿದೆ. ಕ್ಯಾನ್ಸಲ್ ಮಾಡೋಕೆ ಬಿಡ್ದೇ ಸತಾಯಿಸ್ತಿದ್ರೆ ಮೇಲಲ್ಲಿ ಆ ಪದಾನೇ ಬಳಸಿ, ಎಲ್ಲೆಲ್ಲಿ ಒತ್ತಿದ್ರಿ ಅಂತ ಸ್ಕ್ರೀನ್‌ಶಾಟ್ ಹಾಕಿ, ಸಪೋರ್ಟ್‌ನವ್ರ ಭಾಷೆ ಸ್ವಲ್ಪ ಬದಲಾಗತ್ತೆ.

ಸ್ಟ್ರೀಮಿಂಗಲ್ಲಿ ಮೇಲ್ ಹಾಕಿದ್ರೂ ಕೆಲಸ ಆಗ್ದೇ ಇರೋಕೆ ಮುಖ್ಯ ಕಾರಣ ತಪ್ಪು ಬಾಗಿಲು ತಟ್ಟೋದು. ನಮ್ಮಕ್ಕ ಟಿವಿಯಿಂದ ಆಪ್ ಡಿಲೀಟ್ ಮಾಡಿ ಮುಗೀತು ಅನ್ಕೊಂಡಿದ್ಲು, ಮೂರು ತಿಂಗ್ಳು ದುಡ್ಡು ಹೋಗ್ತಾನೇ ಇತ್ತು. ಆಪ್ ತೆಗೆದ್ರೆ ಸಬ್‌ಸ್ಕ್ರಿಪ್ಷನ್ ಹೋಗಲ್ಲ. ಆಮೇಲೆ ನನ್ನ ಮಾದರಿ ತಗೊಂಡು ನೀಟಾಗಿ ಮೇಲ್ ಬರೆದ್ಲು, ತಾರೀಕು ಎಲ್ಲ ಹಾಕಿ, ಅವ್ರ ಉತ್ತರ "ನಿಮ್ಮ ಪಾವತಿ ನಮ್ಮಲ್ಲಿ ಕಾಣ್ತಿಲ್ಲ" ಅಂತ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದ್ರೆ ದುಡ್ಡು ಹೋಗ್ತಿದ್ದಿದ್ದು ಗೂಗಲ್ ಪ್ಲೇ ಹೆಸ್ರಿಗೆ. ಸೈನ್ ಅಪ್ ಮಾಡಿದ್ದು ಮಗಳ ಫೋನಿಂದ, ಪ್ಲೇ ಸ್ಟೋರ್ ಮೂಲಕ, ಹಂಗಾಗಿ ಸ್ಟ್ರೀಮಿಂಗ್ ಕಂಪನಿಯವ್ರ ಕೈಲಿ ಅದನ್ನ ನಿಲ್ಲಿಸೋದು ಇರ್ಲೇ ಇಲ್ಲ. ಆಪಲ್ ಫೋನಲ್ಲೂ ಇದೇ ಕತೆ, ಮೊಬೈಲ್ ರೀಚಾರ್ಜ್ ಪ್ಯಾಕ್ ಜೊತೆ ಬಂದಿದ್ರೆ ಮೊಬೈಲ್ ಕಂಪನಿ ಹತ್ರಾನೇ ಹೋಗ್ಬೇಕು. ಮಗಳ ಫೋನಲ್ಲಿ ಪ್ಲೇ ಸ್ಟೋರ್ ತೆಗೆದು, ಪ್ರೊಫೈಲ್ ಫೋಟೋ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸ್ ಒಳಗೆ ಹೋದ್ರೆ ಅಲ್ಲೇ ಕೂತಿತ್ತು, ಅದ್ರ ಕೆಳಗೆ ಅಕ್ಕನಿಗೆ ನೆನಪೇ ಇಲ್ದೇ ಇದ್ದ ಒಂದು ಫೋಟೋ ಎಡಿಟಿಂಗ್ ಆಪ್‌ದೂ ಇನ್ನೊಂದು.